ಕೊಂಡವರ ಹೆಸರಿಗೆ ಇಷ್ಟೊಂದು ಬೆಲೆ ಏಕೆ?

ಪೇಟೆ ಮುಚ್ಚಿದ ಮೇಲೆ ಎನ್‌ಎಸ್‌ಇ, ಬಿಎಸ್‌ಇಗಳು ಪ್ರಕಟಿಸುವ ಬಲ್ಕ್ ಡೀಲ್ ಪಟ್ಟಿಯನ್ನು ನಮ್ಮ ಷೇರುಪೇಟೆ ಬರಹಗಾರರು ತಲೆಕೆಳಗಾಗಿ ಓದುತ್ತಿದ್ದಾರೆ. ಕೊಂಡವರು ಯಾರೆಂದು ನೋಡುತ್ತಾರೆ, ಹೆಸರು ದೊಡ್ಡದಿದ್ದರೆ ಮರುದಿನ ಅದೇ ಸುದ್ದಿಯಾಗುತ್ತದೆ. ಆ ಪಟ್ಟಿಯಲ್ಲಿ ಅತಿ ಕಡಿಮೆ ನಂಬಬಹುದಾದ ಅಂಕಣವೇ ಅದು.

ನಿಯಮ ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ಕಂಪನಿಯ ಒಟ್ಟು ಷೇರುಗಳಲ್ಲಿ ಶೇ 0.5ಕ್ಕಿಂತ ಹೆಚ್ಚನ್ನು ಒಬ್ಬ ಗ್ರಾಹಕ ಒಂದೇ ದಿನ ಕೊಂಡರೆ ಅಥವಾ ಮಾರಿದರೆ ಅದು ಬಲ್ಕ್ ಡೀಲ್. ಬ್ಲಾಕ್ ಡೀಲ್ ನಡೆಯುವುದು ಬೆಳಿಗ್ಗೆ ಮತ್ತು ಮಧ್ಯಾಹ್ನ ಹದಿನೈದು ನಿಮಿಷಗಳ ಪ್ರತ್ಯೇಕ ವೇಳೆಯಲ್ಲಿ. ಅದು ಮೊದಲೇ ಮಾತಾಡಿಕೊಂಡವರ ವ್ಯವಹಾರ.

ಪೇಟಿಎಂನ ಒಂದು ಸಾಲನ್ನು ನೋಡೋಣ. ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2024ರ ಜನವರಿ 31ರಂದು ನಿರ್ಬಂಧ ಹೇರಿತು. ಮರುದಿನ ಷೇರು ಶೇ 20ರಷ್ಟು ಕುಸಿದು ಎನ್‌ಎಸ್‌ಇಯಲ್ಲಿ 609 ರೂಪಾಯಿಗೆ ಬಂತು. ಫೆಬ್ರುವರಿ 2ರಂದು ಮತ್ತೆ ಶೇ 20. ಅಂದು ಸಂಜೆಯ ಪಟ್ಟಿಯಲ್ಲಿ ಮಾರ್ಗನ್ ಸ್ಟಾನ್ಲಿ ಏಷ್ಯಾ (ಸಿಂಗಪುರ) 50 ಲಕ್ಷ ಷೇರುಗಳನ್ನು ತಲಾ 487.20 ರೂಪಾಯಿಗೆ ಕೊಂಡಿತ್ತು. ಒಟ್ಟು ಸುಮಾರು 244 ಕೋಟಿ ರೂಪಾಯಿ. ದೊಡ್ಡವರು ನಂಬಿಕೆ ಇಟ್ಟಿದ್ದಾರೆ ಎಂದು ಆ ಸಾಲನ್ನು ಓದಿದವರು ಬೆಲೆಯನ್ನು ಓದಲೇ ಇಲ್ಲ.

609ರಲ್ಲಿ ಶೇ 20 ಕಳೆಯಿರಿ, ಉಳಿಯುವುದು ಸರಿಯಾಗಿ 487.20. ಅಂದರೆ ಖರೀದಿ ನಡೆದದ್ದು ಲೋವರ್ ಸರ್ಕ್ಯೂಟ್‌ನಲ್ಲಿ. ಮಾರುವವರು ಸಾಲುಗಟ್ಟಿ ನಿಂತಿದ್ದರು, ಅದಕ್ಕಿಂತ ಕೆಳಗೆ ವ್ಯವಹಾರಕ್ಕೆ ಅಂದು ಅವಕಾಶವಿರಲಿಲ್ಲ. ಆ ಬೆಲೆ ಕೊಂಡವರ ಅಂದಾಜಿಗಿಂತ ಹೆಚ್ಚಾಗಿ ವಿನಿಮಯ ಕೇಂದ್ರದ ಮಿತಿಯನ್ನು ಹೇಳುತ್ತದೆ. ಮುಂದಿನ ವಹಿವಾಟಿನ ದಿನ ಷೇರು 438.50ಕ್ಕೆ ಇಳಿಯಿತು, ತಿಂಗಳ ಮಧ್ಯದ ಹೊತ್ತಿಗೆ 350ಕ್ಕೂ ಕೆಳಗೆ ಹೋಯಿತು.

ಹೆಸರಿನ ವಿಷಯದಲ್ಲೂ ತೊಡಕಿದೆ. ವಿದೇಶಿ ಬ್ರೋಕರೇಜ್‌ಗಳ ಇಂಥ ಘಟಕಗಳು ಹೊರದೇಶದ ಗ್ರಾಹಕರಿಗೆ ಪಿ-ನೋಟ್ ಕೊಟ್ಟು, ಅದಕ್ಕೆ ಆಧಾರವಾಗಿ ಷೇರನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳುವುದುಂಟು. ಈ ಖರೀದಿ ಅಂಥದ್ದೇ ಎಂದು ನಾನು ಹೇಳುತ್ತಿಲ್ಲ. ಪಟ್ಟಿಯಿಂದ ಅದನ್ನು ತಿಳಿಯಲು ಬರುವುದಿಲ್ಲ ಎಂಬುದೇ ನನ್ನ ಆಕ್ಷೇಪ. ಆಮೇಲೆ ಅವರು ದಿನಕ್ಕಿಷ್ಟು ಎಂದು ಶೇ 0.5ರ ಒಳಗೇ ಮಾರಿಕೊಂಡು ಹೋದರೂ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ವಿವರದಲ್ಲಿ ಸಾರ್ವಜನಿಕ ಹೂಡಿಕೆದಾರರ ಹೆಸರು ಬರಬೇಕಾದರೆ ಶೇ 1 ಬೇಕು. ಆ 50 ಲಕ್ಷ ಷೇರುಗಳು ಶೇ 0.8ರಷ್ಟೂ ಇರಲಿಲ್ಲ.

ಗ್ರಾವಿಟಾನ್‌ನಂಥ ಅತಿವೇಗದ ವಹಿವಾಟು ಸಂಸ್ಥೆಗಳಂತೂ ಒಂದೇ ದಿನ ಕೊಂಡವರ ಕಡೆಗೂ ಮಾರಿದವರ ಕಡೆಗೂ ಹೆಚ್ಚುಕಡಿಮೆ ಅಷ್ಟೇ ಷೇರುಗಳೊಂದಿಗೆ ಬರುತ್ತವೆ. ಎರಡನ್ನೂ ಕಳೆದರೆ ಉಳಿಯುವುದು ಸೊನ್ನೆಯ ಹತ್ತಿರ. ಕೊಂಡ ಸಾಲನ್ನಷ್ಟೇ ಕತ್ತರಿಸಿ ಹಂಚುವವರನ್ನು ಕ್ಷಮಿಸುವುದು ಕಷ್ಟ.

ಹಾಗಾದರೆ ಪಟ್ಟಿಯೇ ವ್ಯರ್ಥ, ಸಂಜೆಯ ಹೊತ್ತಿಗೆ ಬೆಲೆ ಎಲ್ಲವನ್ನೂ ಅರಗಿಸಿಕೊಂಡಿರುತ್ತದೆ ಎನ್ನುವ ವಿದ್ವಾಂಸರಿದ್ದಾರೆ. ಅವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು. ಸುಳ್ಳು ಭರವಸೆಯನ್ನು ಖಂಡಿಸುವ ಭರದಲ್ಲಿ ಅವರು ಸಣ್ಣ ಹೂಡಿಕೆದಾರನ ಕೈಯಲ್ಲಿರುವ ಕೆಲವೇ ದಾಖಲೆಗಳಲ್ಲಿ ಒಂದನ್ನು ಕಿತ್ತುಕೊಳ್ಳುತ್ತಾರೆ. ಮಾರಿದವರ ಅಂಕಣವನ್ನು ಅವರೂ ಓದಿಲ್ಲ.

ಅದೇ ಪೇಟಿಎಂ, 2023ರ ನವೆಂಬರ್ 24. ಬಿಎಚ್ ಇಂಟರ್‌ನ್ಯಾಷನಲ್ ಹೋಲ್ಡಿಂಗ್ಸ್ 1.56 ಕೋಟಿ ಷೇರುಗಳನ್ನು 877.29ಕ್ಕೆ ಮಾರಿತು. ಅದು ವಾರೆನ್ ಬಫೆಟ್‌ರ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಘಟಕ. ಈ ಸಂಖ್ಯೆಯನ್ನು ತಾಳೆ ನೋಡಬಹುದು. ಸೆಪ್ಟೆಂಬರ್ ತ್ರೈಮಾಸಿಕದ ಷೇರುದಾರರ ವಿವರದಲ್ಲಿ ಅದರ ಪಾಲು ಶೇ 2.46, ಮಾರಿದ್ದೂ ಶೇ 2.46. 2018ರಲ್ಲಿ ಬಂದಿದ್ದ ಹೂಡಿಕೆದಾರ ನಷ್ಟದಲ್ಲೇ ಪೂರ್ತಿ ಹೊರಬಿದ್ದನೆಂದು ಅಂದು ಸಂಜೆಯೇ ಖಚಿತವಾಗಿ ಹೇಳಬಹುದಿತ್ತು. ಕೊಂಡವರ ಬಗ್ಗೆ ಇಂಥ ಒಂದೇ ಒಂದು ವಾಕ್ಯವನ್ನೂ ಬರೆಯಲಾಗದು.

ಎರಡು ತಿಂಗಳ ನಂತರ ಆದದ್ದು ಬರ್ಕ್‌ಷೈರ್‌ಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಪಟ್ಟಿಯಲ್ಲಿ ಆಧಾರವಿಲ್ಲ. ನಿಧಿಯ ಅವಧಿ ಮುಗಿದರೂ, ಲಾಕ್-ಇನ್ ತೀರಿದರೂ ಜನ ಮಾರುತ್ತಾರೆ. ಐಪಿಒ ಆಗಿ ವರ್ಷ ತುಂಬಿದ ವಾರವೇ, 2022ರ ನವೆಂಬರ್‌ನಲ್ಲಿ, ಸಾಫ್ಟ್‌ಬ್ಯಾಂಕ್ ಪೇಟಿಎಂ ಷೇರುಗಳನ್ನು ಮಾರಿದ್ದು ಹಾಗೆ. ಆದ್ದರಿಂದ ಮಾರಾಟದ ಸಾಲು ಕಂಡಾಗ ಹಿಂದಿನ ತ್ರೈಮಾಸಿಕದ ವಿವರ ತೆರೆದು, ಎಷ್ಟು ಪಾಲು ಉಳಿದಿದೆ ಎಂದು ನೋಡಬೇಕು. ಉಳಿದದ್ದು ಹೆಚ್ಚಿದ್ದರೆ ಇನ್ನಷ್ಟು ಷೇರು ಪೇಟೆಗೆ ಬರಬಹುದು. ಏನೂ ಉಳಿದಿಲ್ಲವಾದರೆ ಆ ಒತ್ತಡ ಅಲ್ಲಿಗೆ ಮುಗಿದಂತೆ.