ಕಾರು ನಿಂತರೂ ಹೆಸರು ಉಳಿದ ಬಗೆ

ಕುಗ್ಗುತ್ತಿರುವ ಬ್ರ್ಯಾಂಡೊಂದನ್ನು ನಿಲ್ಲಿಸಬೇಕೇ ಅಥವಾ ಅದರ ನೆಲೆಯನ್ನು ಬದಲಿಸಬೇಕೇ, ಅಂದರೆ ಅದೇ ಹೆಸರನ್ನು ಬೇರೆ ಗ್ರಾಹಕರಿಗೋ ಬೇರೆ ಬಳಕೆಗೋ ಒಗ್ಗಿಸಬೇಕೇ ಎಂಬುದನ್ನು ಮಾರಾಟದ ಇಳಿಕೆಯೊಂದರಿಂದಲೇ ತೀರ್ಮಾನಿಸಲಾಗದು. ದೌರ್ಬಲ್ಯವಿರುವುದು ಹೆಸರಿನಲ್ಲೋ, ಆ ಹೆಸರು ಹೊತ್ತ ವಸ್ತುವಿನಲ್ಲೋ ಎಂಬುದು ಮೊದಲು ಸ್ಪಷ್ಟವಾಗಬೇಕು. ಗಂಡಸರ ಕಾರ್ಬಾಲಿಕ್ ಸೋಪೆಂದೇ ಗುರುತಾಗಿದ್ದ ಲೈಫ್‌ಬಾಯ್‌ಗೆ 2002ರಲ್ಲಿ ಹೊಸ ಪರಿಮಳವನ್ನೂ ಇಡೀ ಕುಟುಂಬದ ಆರೋಗ್ಯವೆಂಬ ಹೊಸ ನೆಲೆಯನ್ನೂ ಕೊಡಲು ಸಾಧ್ಯವಾಯಿತು, ಏಕೆಂದರೆ ಸೋಪಿನ ಮಿಶ್ರಣವನ್ನು ಬದಲಿಸುವುದು ಕಾರಿನ ವಿನ್ಯಾಸವನ್ನು ಬದಲಿಸಿದಷ್ಟು ದುಬಾರಿಯಲ್ಲ.

1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಅದರ ಹೆಸರಿಗೆ ಮನ್ನಣೆ ತಗ್ಗಿರಲಿಲ್ಲ. ಆದರೆ 2000ದಲ್ಲಿ ಅದೇ ಕಂಪನಿ ತಂದ ಆಲ್ಟೊ, ಸ್ವಲ್ಪ ಹೆಚ್ಚು ಹಣ ಹೊಂದಿಸಬಲ್ಲ ಗ್ರಾಹಕರನ್ನು ತನ್ನತ್ತ ಸೆಳೆಯತೊಡಗಿತ್ತು. ಒಂದೇ ಸಂಸ್ಥೆಯ ಎರಡು ಸರಕುಗಳು ಪರಸ್ಪರರ ಮಾರಾಟವನ್ನು ಕಸಿಯುವ ಈ ಒಳಪೈಪೋಟಿಯ ನಡುವೆ, 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಬಿಎಸ್-4 ಎಂಬ ಹೊಗೆ ನಿಯಂತ್ರಣ ಮಾನದಂಡ ಜಾರಿಗೆ ಬಂದಿತು. ಹಳೆಯ ಎಂಜಿನನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಿದ್ದರೆ ಬೆಲೆಯೇರಿ, ಅಗ್ಗದ ಕಾರೆಂಬ ಅದರ ಉಳಿದೊಂದು ಆಕರ್ಷಣೆಯೂ ಅಳಿಯುತ್ತಿತ್ತು. ಇಂತಹ ಕಾರಿಗೆ ಹೊಸ ನೆಲೆ ಹುಡುಕುವುದು ಜಾಹೀರಾತಿನ ಹಣ ಪೋಲಾಗುವ ಕೆಲಸವಷ್ಟೇ ಆಗುತ್ತಿತ್ತು.

ನಿಲ್ಲಿಸಿದ ಕ್ರಮವೇ ಇಲ್ಲಿ ಹೆಚ್ಚು ಗಮನಾರ್ಹ. ಮೊದಲು ಆ 13 ನಗರಗಳಲ್ಲಿ ಮಾತ್ರ ಮಾರಾಟ ನಿಂತು, ಬೇಡಿಕೆಯಿನ್ನೂ ಉಳಿದಿದ್ದ ಸಣ್ಣ ಊರುಗಳಲ್ಲಿ ಮುಂದುವರಿದುದರಿಂದ, ಬಿಡಿಭಾಗ ಪೂರೈಸುವವರಿಗೂ ಡೀಲರುಗಳಿಗೂ ದಾಸ್ತಾನು ಕರಗಿಸಿಕೊಳ್ಳಲು ಕಾಲಾವಕಾಶ ದೊರೆಯಿತು. 2012ರಲ್ಲಿ ಹೊಸ ಆಲ್ಟೊಗೆ ‘ಆಲ್ಟೊ 800’ ಎಂದು ಹೆಸರಿಟ್ಟದ್ದು ಅತ್ಯಂತ ಜಾಣ ನಡೆ: ಹಳೆಯ ಕಾರು ಇನ್ನೂ ತಯಾರಾಗುತ್ತಿದ್ದಾಗಲೇ ಅದರ ಸಂಚಿತ ಮೌಲ್ಯ, ಎಂದರೆ ಜನರು ಹೆಸರೊಂದರ ಮೇಲೆ ವರ್ಷಗಟ್ಟಲೆ ಇಟ್ಟ ನಂಬಿಕೆ, ಉತ್ತರಾಧಿಕಾರಿಗೆ ವರ್ಗವಾಯಿತು. 2014ರ ಜನವರಿಯಲ್ಲಿ ಉತ್ಪಾದನೆ ನಿಂತಾಗ, ಬಿಡಿಭಾಗಗಳು ಇನ್ನೂ ಎಂಟು-ಹತ್ತು ವರ್ಷ ದೊರೆಯುತ್ತವೆ ಎಂದು ಕಂಪನಿ ಭರವಸೆ ನೀಡಿತು. ಈ ಭರವಸೆ ಇಲ್ಲದಿದ್ದರೆ ಸೆಕೆಂಡ್ ಹ್ಯಾಂಡ್ ಕಾರುಗಳ ಬೆಲೆ ಕುಸಿದು, ಮಾಲೀಕರ ಸಿಟ್ಟು ನಿಂತುಹೋದ ಕಾರಿನ ಬದಲು ಮಾತೃಸಂಸ್ಥೆಯ ಮೇಲೆ ತಿರುಗುತ್ತದೆ. ಅವಸರದಲ್ಲಿ ಬಾಗಿಲು ಮುಚ್ಚುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಹೆಸರನ್ನು ಹೀಗೆ ವರ್ಗಾಯಿಸದೆ ಕೇವಲ ಕಪಾಟಿನಲ್ಲಿಡುವವರು ಕಾನೂನಿನತ್ತಲೂ ಗಮನಹರಿಸಬೇಕು: 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಚಿಹ್ನೆಯನ್ನು ಸತತ ಐದು ವರ್ಷಕ್ಕೂ ಮೀರಿ ಬಳಸದಿದ್ದರೆ, ಬಾಧಿತರು ಅರ್ಜಿ ಸಲ್ಲಿಸಿ ಅದನ್ನು ನೋಂದಣಿ ಪುಸ್ತಕದಿಂದ ತೆಗೆಸಿಹಾಕಬಹುದು.