ಬಿಂದುವಿನ ಬಲಕ್ಕಿರುವ ಅಂಕಿ

ಯಾವ ಕಕ್ಷಿದಾರರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ವಕೀಲರ ಕಚೇರಿಯಲ್ಲಿ ದಿನವೂ ಬರೆದಿಡುವ ಸಮಯಪಟ್ಟಿಯಿಂದ ತಿಂಗಳ ಬಿಲ್ಲು ತೆಗೆಯುವವರ ಕುಶಲತೆ ‘ಕರಾರು ತಿದ್ದುಪಡಿ, 1.30’ ಎಂಬಂಥ ನಮೂದಿನಲ್ಲಿ ಕಾಣುತ್ತದೆ. ಅದು ಒಂದೂವರೆ ಗಂಟೆಯಾದರೆ, ಗಂಟೆಗೆ 4,000 ರೂಪಾಯಿ ದರದಲ್ಲಿ 6,000 ಆಗುತ್ತದೆ. ದಶಮಾಂಶವೆಂದು ಓದಿದರೆ ಒಂದು ಗಂಟೆ ಹದಿನೆಂಟು ನಿಮಿಷವಾಗಿ 5,200ಕ್ಕೆ ಇಳಿಯುತ್ತದೆ. ನುರಿತವರು ಆ ಒಂದು ಸಾಲಿಗೆ ನಿಲ್ಲದೆ ಅದೇ ವ್ಯಕ್ತಿ ತಿಂಗಳಿಡೀ ಬರೆದುದನ್ನು ನೋಡುತ್ತಾರೆ: ಬಿಂದುವಿನ ಬಲಕ್ಕೆ 15, 30, 45 ಮಾತ್ರ ಇದ್ದರೆ ಅವು ಬಹುಮಟ್ಟಿಗೆ ನಿಮಿಷಗಳು, ಎಲ್ಲಾದರೂ 75 ಇಣುಕಿದರೆ ಅದು ದಶಮಾಂಶವೇ. ಎರಡೂ ಬೆರೆತಿದ್ದರೆ, ಅದೇನೂ ಅಪರೂಪವಲ್ಲ, ಬರೆದವರನ್ನೇ ಕೇಳಿ, ಒಂದೂವರೆ ಗಂಟೆಯೆಂದಾದರೆ ಮೂಲ ನಮೂದನ್ನು ಅಳಿಸದೆ ಪಕ್ಕದ ಅಂಕಣದಲ್ಲಿ 1.5 ಎಂದು ದಾಖಲಿಸಿ, ಆಮೇಲಷ್ಟೇ ಕಕ್ಷಿದಾರವಾರು, ಕೆಲಸವಾರು ಕೂಡಿಸುತ್ತಾರೆ.