ಕಂಸದೊಳಗಿನ 28: ಕ್ರೋಶಾ ಪ್ಯಾಟರ್ನ್ ಓದಲು ಹೊರಟವರಿಗೆ

ಕ್ರೋಶಾದಲ್ಲಿ ಕೈ ಪಳಗಿದವರಿಗೆ ಹೊಸ ಪ್ಯಾಟರ್ನ್ ಕೊಟ್ಟರೆ ಅವರು ಫೋಟೋದ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಣ್ಣು ನೇರವಾಗಿ ಪ್ರತಿ ಸಾಲಿನ ಕೊನೆಗೆ ಹೋಗುತ್ತದೆ. ಅಲ್ಲಿ ಕಂಸದೊಳಗೆ ಒಂದು ಸಂಖ್ಯೆ ಇದೆಯೇ? ಇದ್ದರೆ ಬರೆದವರನ್ನು ನಂಬಬಹುದು. ಇಲ್ಲದಿದ್ದರೆ ಪುಟ ಎಷ್ಟೇ ಚೆಂದವಾಗಿರಲಿ, ನಡುದಾರಿಯಲ್ಲಿ ಕೈಬಿಡುವ ಗಿರಾಕಿ ಎಂದೇ ಲೆಕ್ಕ.

ಪ್ಯಾಟರ್ನ್ ಓದುವುದನ್ನು ಕಲಿಯಲು ಪಾತ್ರೆ ಒರೆಸುವ ಹತ್ತಿಬಟ್ಟೆಗಿಂತ ಒಳ್ಳೆಯ ಪಾಠವಿಲ್ಲ. ನಮ್ಮ ಮನೆಗಳಲ್ಲಿ ಕ್ರೋಶಾ ಎಂದರೆ ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ, ಮಗುವಿನ ಟೋಪಿ. ಪಾತ್ರೆಬಟ್ಟೆ ಅಮೆರಿಕದ ಅಡುಗೆಮನೆಯ ಪದ್ಧತಿ. ಅಲ್ಲಿ ಹತ್ತಿ ನೂಲಿನ ಉಂಡೆಗೆ ಸುತ್ತಿದ ಲೇಬಲ್ಲಿನ ಒಳಮೈಯಲ್ಲೇ ಇಂಥ ಪ್ಯಾಟರ್ನ್ ಅಚ್ಚು ಹಾಕುವುದಿದೆ. ಅಂಗೈಯಗಲದ ಕಾಗದದಲ್ಲಿ ಇಡೀ ಬಟ್ಟೆಯನ್ನು ಹೇಳಿ ಮುಗಿಸಬೇಕಾದಾಗ ಒಂದು ಪದವೂ ದಂಡವಾಗುವಂತಿಲ್ಲ. ಈ ಬರವಣಿಗೆಯ ಬಿಗಿ ಹುಟ್ಟುವುದೇ ಆ ಇಕ್ಕಟ್ಟಿನಲ್ಲಿ.

ಒಂದನ್ನು ಪೂರ್ತಿ ಕೊಡುತ್ತೇನೆ. ಮೊದಲು ಸುಮ್ಮನೆ ಓದಿ, ಆಮೇಲೆ ಬಿಡಿಸಿ ನೋಡೋಣ.

ಹತ್ತಿಯ ಪಾತ್ರೆಬಟ್ಟೆ

ಬೇಕಾದದ್ದು: ದಪ್ಪ ಹತ್ತಿ ನೂಲು 50 ಗ್ರಾಂ (ಸ್ವಲ್ಪ ಮಿಗುತ್ತದೆ), 5 ಮಿ.ಮೀ. ಕ್ರೋಶಾ ಕಡ್ಡಿ, ಕತ್ತರಿ, ಮೊಂಡು ತುದಿಯ ದಪ್ಪ ಸೂಜಿ.
ಅಳತೆ: ಅಂಚು ಸೇರಿ ಸುಮಾರು 21 ಸೆಂ.ಮೀ. ಚೌಕ.
ಹದ: 10 ಸೆಂ.ಮೀ.ಗೆ ಸುಮಾರು 14 ಸ್ಟಿಚ್, 12 ಸಾಲು.

ಸಂಕ್ಷೇಪಗಳು (ಅಮೆರಿಕದ ಹೆಸರುಗಳಂತೆ):
ಚೈ – ಚೈನ್
ಸಿಂ – ಸಿಂಗಲ್ ಕ್ರೋಶಾ
ಡ – ಡಬಲ್ ಕ್ರೋಶಾ
ಸ್ಲಿ – ಸ್ಲಿಪ್ ಸ್ಟಿಚ್
ತಿ – ಹೆಣಿಗೆಯನ್ನು ತಿರುಗಿಸಿ
\* \* – ಈ ಎರಡು ನಕ್ಷತ್ರಗಳ ನಡುವಿನದನ್ನು ಮತ್ತೆ ಮತ್ತೆ ಮಾಡಿ

ಶುರು: 29 ಚೈ.

ಸಾಲು 1: ಕಡ್ಡಿಯಿಂದ ಎರಡನೇ ಚೈನಿಂದ ಆರಂಭಿಸಿ, \*ಒಂದು ಚೈನಲ್ಲಿ 1 ಸಿಂ, ಮುಂದಿನ ಚೈನಲ್ಲಿ 1 ಡ\*, ಕೊನೆಯ ತನಕ. (28)

ಸಾಲು 2: 1 ಚೈ (ಲೆಕ್ಕಕ್ಕಿಲ್ಲ), ತಿ, ಮೊದಲ ಸ್ಟಿಚ್‌ನಿಂದಲೇ ಆರಂಭಿಸಿ, \*ಒಂದರಲ್ಲಿ 1 ಸಿಂ, ಮುಂದಿನದರಲ್ಲಿ 1 ಡ\*, ಕೊನೆಯ ತನಕ. (28)

ಸಾಲು 3ರಿಂದ 24: ಸಾಲು 2ರಂತೆ. (ಪ್ರತಿ ಸಾಲಿಗೂ 28)

ಅಂಚು: 1 ಚೈ (ಲೆಕ್ಕಕ್ಕಿಲ್ಲ), ತಿ, ಮೊದಲ ಸ್ಟಿಚ್‌ನಲ್ಲಿ 3 ಸಿಂ, ಮುಂದಿನ 26ರಲ್ಲಿ ಒಂದೊಂದು ಸಿಂ, ಕೊನೆಯದರಲ್ಲಿ 3 ಸಿಂ, ಪಕ್ಕದ ಉದ್ದಕ್ಕೂ 26 ಸಿಂ, ಬುಡದ ಮೂಲೆಯ ಚೈನಲ್ಲಿ 3 ಸಿಂ, ಮುಂದಿನ 26ರಲ್ಲಿ ಒಂದೊಂದು ಸಿಂ, ಇನ್ನೊಂದು ಮೂಲೆಯಲ್ಲಿ 3 ಸಿಂ, ಉಳಿದ ಪಕ್ಕದಲ್ಲಿ 26 ಸಿಂ, ಮೊದಲ ಸಿಂಗೆ 1 ಸ್ಲಿ ಹಾಕಿ ಸೇರಿಸಿ. (116)

ನೇತುಹಾಕುವ ಕುಣಿಕೆ: 12 ಚೈ, ಹೊರಟ ಜಾಗಕ್ಕೇ 1 ಸ್ಲಿ. ನೂಲು ಕತ್ತರಿಸಿ, ಎಳೆದು ಬಿಗಿ ಮಾಡಿ, ತುದಿಗಳನ್ನು ಸೂಜಿಯಿಂದ ಒಳಗೆ ಸೇರಿಸಿ.

ಇಷ್ಟೇ. ಚೌಕದ ಮೈಯಲ್ಲಿರುವ 672 ಸ್ಟಿಚ್‌ಗಳನ್ನು ಮೂರು ಸಾಲಿನ ಬರವಣಿಗೆ ಹೇಳಿ ಮುಗಿಸಿದೆ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ನೋಡಬೇಕು.

ಮೊದಲು ಸಂಕ್ಷೇಪದ ಪಟ್ಟಿ. ಹೊಸಬರು ಇದನ್ನು ದಾಟಿಕೊಂಡು ಹೋಗುತ್ತಾರೆ, ಪೆಟ್ಟು ತಿನ್ನುವುದೂ ಇಲ್ಲೇ. ಕಂಸದಲ್ಲಿ 'ಅಮೆರಿಕದ ಹೆಸರುಗಳಂತೆ' ಎಂದು ಹಾಕಿರುವುದು ಶೋಕಿಗಲ್ಲ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವ ಗಿಡ್ಡ ಸ್ಟಿಚ್ಚನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದವರ ಡಬಲ್ಲು ಬ್ರಿಟಿಷರಿಗೆ ಟ್ರೆಬಲ್. ಬ್ರಿಟಿಷ್ ಪ್ಯಾಟರ್ನನ್ನು ಅಮೆರಿಕದ ಪದ್ಧತಿಯಲ್ಲಿ ಓದಿದರೆ ಬಟ್ಟೆ ಸಡಿಲವಾಗಿ, ತೂತು ತೂತಾಗಿ ಜೋತುಬೀಳುತ್ತದೆ. ಪಟ್ಟಿಯಲ್ಲಿ 'ಸಿಂಗಲ್ ಕ್ರೋಶಾ' ಕಂಡರೆ ಅದು ಅಮೆರಿಕದ ಪದ್ಧತಿ ಎಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಈಗಿನ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಆ ಹೆಸರು ಬರುವುದೇ ಇಲ್ಲ.

ಕಡ್ಡಿ ಹಿಡಿದು ಗೊತ್ತಿಲ್ಲದವರಿಗೆ ಎರಡು ಮಾತು. ಸಿಂಗಲ್ ಎಂದರೆ ಕಡ್ಡಿಯನ್ನು ಸ್ಟಿಚ್ಚಿನೊಳಗೆ ತೂರಿಸಿ ನೂಲೆಳೆಯುವುದು. ಕಡ್ಡಿಯ ಮೇಲೆ ಎರಡು ಕುಣಿಕೆ ನಿಲ್ಲುತ್ತವೆ, ಮತ್ತೆ ನೂಲು ಹಿಡಿದು ಎರಡರಿಂದಲೂ ಒಟ್ಟಿಗೆ ಹೊರತೆಗೆಯಬೇಕು. ಡಬಲ್ಲಿಗೆ ತೂರಿಸುವ ಮೊದಲೇ ನೂಲನ್ನು ಕಡ್ಡಿಗೆ ಒಂದು ಸುತ್ತು ಸುತ್ತಿಕೊಳ್ಳಬೇಕು. ಆಗ ಮೂರು ಕುಣಿಕೆ ಆಗುತ್ತವೆ, ಅವನ್ನು ಎರಡೆರಡಾಗಿ ಎರಡು ಸಲ ದಾಟಬೇಕು. ಹಾಗಾಗಿ ಡಬಲ್ಲಿನ ಕಂಬ ಎತ್ತರ, ಸಿಂಗಲ್ಲಿನದು ಗಿಡ್ಡ. ಈ ಪ್ಯಾಟರ್ನಿನ ಆಟವೆಲ್ಲ ಆ ಎತ್ತರ-ತಗ್ಗಿನ ಮೇಲೆ ನಿಂತಿದೆ.

ಈಗ ಎರಡನೇ ಸಾಲನ್ನು ಹತ್ತಿರದಿಂದ ನೋಡಿ. ಪ್ರತಿ ಸಾಲೂ ಗಿಡ್ಡದರಿಂದ ಶುರುವಾಗಿ ಎತ್ತರದ್ದರಲ್ಲಿ ಮುಗಿಯುತ್ತದೆ. ಹೆಣಿಗೆ ತಿರುಗಿಸಿದ ಕೂಡಲೇ ಎದುರಿಗೆ ಬರುವುದು ಈಗಷ್ಟೇ ಮುಗಿಸಿದ ಎತ್ತರದ ಕಂಬ. ಅದರ ನೆತ್ತಿಗೆ ಗಿಡ್ಡದ್ದು ಬೀಳುತ್ತದೆ. ಪಕ್ಕದ್ದು ಗಿಡ್ಡ, ಅದರ ಮೇಲೆ ಎತ್ತರದ್ದು. ಹೀಗೆ ಸಾಲಿನುದ್ದಕ್ಕೂ ತಗ್ಗಿನ ಮೇಲೆ ಎತ್ತರ, ಎತ್ತರದ ಮೇಲೆ ತಗ್ಗು ಕೂತು ಸಾಲು ಸಮನಾಗುತ್ತದೆ, ಎತ್ತರದ ಕಂಬಗಳು ಇಕ್ಕಟ್ಟಿಗೆ ಸಿಕ್ಕಿ ಸಣ್ಣ ಗುಬಟುಗಳಾಗಿ ಮೇಲೆದ್ದು ನಿಲ್ಲುತ್ತವೆ. ಕಟ್ಟೆಯ ಮೇಲೆ ಒಣಗಿ ಹಿಡಿದ ಅನ್ನದ ಅಗುಳನ್ನು ಕೆರೆದು ತೆಗೆಯುವುದು ಆ ಗುಬಟೇ. ಹೀಗೆ ಮಾಡಿದರೆ ಗುಬಟು ಬರುತ್ತದೆ ಎಂದು ಪ್ಯಾಟರ್ನ್ ಎಲ್ಲೂ ಹೇಳಿಲ್ಲ. ಸಮಸಂಖ್ಯೆಯೊಂದನ್ನು ಕೊಟ್ಟು ಸುಮ್ಮನಾಗಿದೆ, ಉಳಿದದ್ದು ತಾನಾಗಿ ಆಗುತ್ತದೆ. ಬರೆದವರ ಜಾಣ್ಮೆ ಇರುವುದು ಈ ಮೌನದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕಂಸದೊಳಗಿನ 28ರ ಬೆಲೆ ತಿಳಿಯುವುದು ಲೆಕ್ಕ ತಪ್ಪಿದಾಗ. ಹೊಸಬರು ಸಾಮಾನ್ಯವಾಗಿ ಸಾಲಿನ ಕೊನೆಯ ಸ್ಟಿಚ್ಚನ್ನು ಬಿಟ್ಟುಬಿಡುತ್ತಾರೆ. ಅದು ಹಿಂದಿನ ಸಾಲಿನ ಮೊದಲ ಸಿಂಗಲ್. ತಿರುಗುವಾಗ ಹಾಕಿದ ಚೈನಿನ ಮಗ್ಗುಲಲ್ಲಿ ಮುದುಡಿಕೊಂಡಿರುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಐದನೇ ಸಾಲಿನಲ್ಲಿ ಹೀಗಾಯಿತು ಎಂದಿಟ್ಟುಕೊಳ್ಳಿ. ಸ್ಟಿಚ್ 27 ಆದವು. ಬೆಸ ಸಂಖ್ಯೆಯಾದ್ದರಿಂದ ಸಾಲು ಎತ್ತರದಲ್ಲಿ ಮುಗಿಯದೆ ಗಿಡ್ಡದರಲ್ಲಿ ಮುಗಿಯಿತು. ಆರನೇ ಸಾಲಿಗೆ ತಿರುಗಿಸಿ ಎಂದಿನಂತೆ ಸಿಂಗಲ್ಲಿನಿಂದ ಶುರುಮಾಡಿದರೆ ಗಿಡ್ಡದ ಮೇಲೆ ಗಿಡ್ಡ, ಎತ್ತರದ ಮೇಲೆ ಎತ್ತರ. ಒಂದೆರಡು ಸಾಲು ಕಳೆಯುವುದರೊಳಗೆ ಗುಬಟು ಮಾಯವಾಗಿ ನೆಟ್ಟನೆಯ ಪಟ್ಟೆಗಳು ಏಳುತ್ತವೆ, ಮೇಲಂಚು ಅಲೆಅಲೆಯಾಗುತ್ತದೆ. ಪಟ್ಟೆ ಕಂಡಿತೆಂದರೆ ಅದರ ಬುಡಕ್ಕೆ ಇಳಿಯಿರಿ. ಅದು ಎಲ್ಲಿಂದ ಶುರುವಾಗಿದೆಯೋ ಅದರ ಕೆಳಗಿನ ಸಾಲಿನಲ್ಲಿ ತಪ್ಪಿದೆ. ಅಲ್ಲಿಯವರೆಗೆ ಬಿಚ್ಚಬೇಕು, ಬೇರೆ ಉಪಾಯವಿಲ್ಲ. ಪ್ರತಿ ಸಾಲು ಮುಗಿದಾಗ 28 ಎಣಿಸಿಕೊಂಡಿದ್ದರೆ ಬಿಚ್ಚುವುದು ಒಂದೇ ಸಾಲು.

ಇನ್ನೊಂದು ತಪ್ಪು ಇದರ ಉಲ್ಟಾ: ತಿರುಗುವ ಚೈನನ್ನೂ ಸ್ಟಿಚ್ ಎಂದುಕೊಂಡು ಅದರೊಳಗೂ ಹೆಣೆದು 29 ಮಾಡುವುದು. '(ಲೆಕ್ಕಕ್ಕಿಲ್ಲ)' ಎಂಬ ಪುಟ್ಟ ಮಾತು ಅದನ್ನು ತಡೆಯಲೆಂದೇ ಇದೆ. ಬೇರೆ ಕೆಲವು ಪ್ಯಾಟರ್ನ್‌ಗಳಲ್ಲಿ ತಿರುಗುವ ಚೈನ್ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಇದನ್ನು ಹೇಳದ ಪ್ಯಾಟರ್ನ್ ಓದುವವರನ್ನು ಕತ್ತಲಲ್ಲಿ ಬಿಟ್ಟಂತೆಯೇ. ಒಂದೆರಡು ಸಾಲಿನಲ್ಲಿ ಬಟ್ಟೆ ಬೀಸಣಿಗೆಯಂತೆ ಅಗಲವಾಗುತ್ತಿದ್ದರೆ ಕಾರಣ ಇದೇ ಇರುತ್ತದೆ.

ಹದದ ವಿಷಯದಲ್ಲಿ ಮಾತ್ರ ಪಾತ್ರೆಬಟ್ಟೆ ಉದಾರಿ. ಸ್ವೆಟರಿನಲ್ಲಿ 10 ಸೆಂ.ಮೀ.ಗೆ ಒಂದು ಸ್ಟಿಚ್ ಹೆಚ್ಚುಕಡಿಮೆಯಾದರೆ ತೋಳು ಏರುವುದಿಲ್ಲ. ಇಲ್ಲಿ ನಿಮ್ಮ ಕೈ ಬಿಗಿಯಾದರೆ ಬಟ್ಟೆ 19 ಸೆಂ.ಮೀ. ಆದೀತು, ಪಾತ್ರೆಗೇನೂ ಬೇಸರವಿಲ್ಲ. ಚೌಕ ಮಾತ್ರ ಚೌಕವಾಗಿರಬೇಕು. 22ನೇ ಸಾಲಿನ ಹೊತ್ತಿಗೆ ಒಂದು ಮೂಲೆಯನ್ನು ಎದುರಿನ ಅಂಚಿಗೆ ಕರ್ಣವಾಗಿ ಮಡಿಸಿ. ಅಂಚುಗಳು ಕೂಡಿದರೆ ಅಲ್ಲೇ ನಿಲ್ಲಿಸಿ, ಕೂಡದಿದ್ದರೆ 24, ಬೇಕಾದರೆ 26 ಸಾಲು ಹಾಕಿ.

ಅಂಚಿನ ಸುತ್ತನ್ನು ಓದುವಾಗ ಒಂದು ತೊಡಕು ಎದುರಾಗುತ್ತದೆ. ಪಕ್ಕದಲ್ಲಿರುವುದು 24 ಸಾಲುಗಳ ತುದಿ, ಪ್ಯಾಟರ್ನ್ ಕೇಳುವುದು 26 ಸಿಂಗಲ್. ಸಾಲಿಗೊಂದರಂತೆ 24 ಹಾಕಿದರೆ ಪಕ್ಕ ಒಳಗೆ ಎಳೆದುಕೊಂಡು ಬಟ್ಟೆ ದೊನ್ನೆಯ ಹಾಗೆ ಮಗುಚುತ್ತದೆ. ಎತ್ತರದ ಕಂಬವಿರುವ ಯಾವುದಾದರೂ ಎರಡು ತುದಿಗಳಲ್ಲಿ ಎರಡೆರಡು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ನಾಲ್ಕು ಪಕ್ಕಕ್ಕೆ 26ರಂತೆ 104, ನಾಲ್ಕು ಮೂಲೆಗೆ 3ರಂತೆ 12, ಒಟ್ಟು 116. ಮೂಲೆಯಲ್ಲಿ ಮೂರು ಏಕೆಂದರೆ, ಒಂದೇ ಹಾಕಿದರೆ ಮೂಲೆ ಸುರುಟಿಕೊಳ್ಳುತ್ತದೆ.

ನೂಲಿನ ಸಾಲಿನಲ್ಲಿ 'ಹತ್ತಿ' ಎಂಬುದನ್ನು ಸಲಹೆ ಎಂದು ಓದಬೇಡಿ. ಅಂಗಡಿಯಲ್ಲಿ ಬಣ್ಣಬಣ್ಣವಾಗಿ ಮೃದುವಾಗಿ ಕಾಣುವ ಅಕ್ರಿಲಿಕ್ ಉಲ್ಲನ್ ನೀರು ಹೀರುವುದಿಲ್ಲ, ಒಲೆಯಿಂದ ಇಳಿಸಿದ ಪಾತ್ರೆಗೆ ತಾಗಿದರೆ ಕರಗುತ್ತದೆ. ತೋರಣಕ್ಕೆ ಬಳಸುವ ಹೊಳಪಿನ ಸಣ್ಣ ಹತ್ತಿದಾರ 5 ಮಿ.ಮೀ. ಕಡ್ಡಿಗೆ ತೀರಾ ತೆಳು. ಅದೊಂದೇ ಇದ್ದರೆ ಹಲವು ಎಳೆ ಸೇರಿಸಿ ಹಿಡಿದು ಹೆಣೆಯಬಹುದು. ತುದಿಗಳನ್ನು ಒಳಗೆ ಸೇರಿಸಲು 10 ಸೆಂ.ಮೀ. ನೂಲಾದರೂ ಬಿಟ್ಟು ಕತ್ತರಿಸಿ. ಒಂದು ದಿಕ್ಕಿಗೆ ಸೇರಿಸಿ, ಅದೇ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ಬನ್ನಿ. ದಿನಾ ಹಿಂಡುವ ಬಟ್ಟೆಯಲ್ಲಿ ಮೊದಲು ಬಿಚ್ಚಿಕೊಳ್ಳುವುದು ಆ ತುದಿಗಳೇ.

ದೊಡ್ಡ ಬಟ್ಟೆ ಬೇಕೆಂದರೆ ಪ್ಯಾಟರ್ನನ್ನು ನೀವೇ ತಿದ್ದಿಕೊಳ್ಳಬಹುದು. ಯಾವುದೇ ಸಮಸಂಖ್ಯೆ ತೆಗೆದುಕೊಂಡು ಅದಕ್ಕೆ ಒಂದು ಸೇರಿಸಿ ಚೈನ್ ಹಾಕಿ. 35 ಚೈನ್ ಹಾಕಿದರೆ 34 ಸ್ಟಿಚ್, ಚೌಕವಾಗಲು ಸುಮಾರು 29 ಸಾಲು. ಅಂಚಿಗೆ ಪ್ರತಿ ಪಕ್ಕ 34ರಲ್ಲಿ ಎರಡು ಮೂಲೆ ಕಳೆದು 32. 29 ತುದಿಗಳಿಗೆ 32 ಬೇಕಾದ್ದರಿಂದ ಮೂರು ಕಡೆ ಎರಡೆರಡು. ಸುತ್ತು ಮುಗಿದಾಗ ಎಣಿಸಿದರೆ 140 ಬರಬೇಕು.